ಸುಗ್ಗಿಯ ದುಡ್ಡಿಗೆ ಪಿಂಚಣಿ ಕಂತು ಹೊಂದಿಸುವುದು ಹೇಗೆ: ಕೂಲಿಯವರಿಗೂ ಮೀನು ಹಿಡಿಯುವವರಿಗೂ

ಮಂಡ್ಯದ ಕಡೆ ಕೂಲಿ ಕೆಲಸಕ್ಕೆ ತಿಂಗಳ ಲೆಕ್ಕವಿಲ್ಲ. ನಾಲೆಗೆ ನೀರು ಬಿಟ್ಟ ಮೇಲೆ ನಾಟಿ, ಆಮೇಲೆ ಕಳೆ, ನವೆಂಬರ್‌ ಡಿಸೆಂಬರ್‌ ಹೊತ್ತಿಗೆ ಕೊಯ್ಲು, ಒಕ್ಕಣೆ. ನಡುವೆ ಕಬ್ಬಿನ ಕಟಾವು, ಆಲೆಮನೆ ಕೆಲಸ. ಯುಗಾದಿ ಕಳೆದರೆ ಮುಂದಿನ ಮಳೆ ಬರುವವರೆಗೆ ಕೆಲಸ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಬಲೆ ಬಿಡುವವರದೂ ಇದೇ ಪಾಡು. ಹೊಸ ನೀರು ನುಗ್ಗುವ ದಿನಗಳಲ್ಲಿ ತೆಪ್ಪ ಇಳಿಸುವಂತಿಲ್ಲ, ನೀರು ನಿಂತ ಮೇಲೆ ಮೀನು ಬಿದ್ದರೆ ಒಂದಷ್ಟು ದಿನ ಕೈಯಲ್ಲಿ ಕಾಸು ಆಡುತ್ತದೆ.

ಪಿಂಚಣಿ ಯೋಜನೆಗಳ ಕಂತು ಮಾತ್ರ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಖಾತೆಯಲ್ಲಿ ದುಡ್ಡಿಲ್ಲದ ತಿಂಗಳು ಕಂತು ತಪ್ಪುತ್ತದೆ, ಅದರ ಜೊತೆಗೆ ಸರ್ಕಾರದ ಪಾಲೂ ತಪ್ಪುತ್ತದೆ. ಹೆಸರು ಬರೆಸಿದವರು ಬಿಟ್ಟುಹೋಗುವುದು ಹೆಚ್ಚಾಗಿ ಇಲ್ಲೇ. ಅದಕ್ಕಾಗಿ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಎಂಬ ಒಂದೇ ಪಿಂಚಣಿ ಯೋಜನೆಯನ್ನು ಹಿಡಿದುಕೊಂಡು, ಸರ್ಕಾರದ ಪಾಲು ಹೇಗೆ ಬರುತ್ತದೆ, ಕಂತನ್ನು ಸುಗ್ಗಿಗೆ ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಮೀನುಗಾರರಿಗೆ ಪುಕ್ಕಟೆಯಾಗಿ ಸಿಗುವ ಅಪಘಾತ ವಿಮೆಯ ವಿಚಾರ ಆಮೇಲೆ ಬರುತ್ತದೆ.

ಸರ್ಕಾರ ಎಲ್ಲಿ ಎಷ್ಟು ಕಟ್ಟುತ್ತದೆ

ಶ್ರಮಯೋಗಿ ಮಾನ್‌ಧನ್ 2019ರಲ್ಲಿ ಶುರುವಾಯಿತು. ನೀವು ಎಷ್ಟು ಕಟ್ಟುತ್ತೀರೋ ಅಷ್ಟನ್ನೇ ಕೇಂದ್ರ ಸರ್ಕಾರವೂ ಕಟ್ಟುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ಸೇರುವಾಗ ವಯಸ್ಸು 18ರಿಂದ 40ರ ಒಳಗಿರಬೇಕು, ತಿಂಗಳ ವರಮಾನ 15,000 ದಾಟಿರಬಾರದು. ಪಿಎಫ್, ಇಎಸ್‌ಐ, ಎನ್‌ಪಿಎಸ್ ಇರುವವರಿಗೂ ಆದಾಯ ತೆರಿಗೆ ಕಟ್ಟುವವರಿಗೂ ಇದು ಇಲ್ಲ.

ಎಷ್ಟು ಚಿಕ್ಕ ವಯಸ್ಸಿನಲ್ಲಿ ಸೇರಿದರೆ ಕಂತು ಅಷ್ಟು ಕಡಿಮೆ. 18ರಲ್ಲಿ ಸೇರಿದವರಿಗೆ ತಿಂಗಳಿಗೆ 55 ರೂಪಾಯಿ, 30ರಲ್ಲಿ ಸೇರಿದರೆ 105, 40ರಲ್ಲಿ ಸೇರಿದರೆ 200. ಸೇರಿದ ದಿನ ಗೊತ್ತಾದ ಮೊತ್ತವೇ 60ರವರೆಗೂ ನಡೆಯುತ್ತದೆ, ನಡುವೆ ಏರುವುದಿಲ್ಲ.

ಸರ್ಕಾರದ ಪಾಲು ನಿಮ್ಮ ಖಾತೆಗೆ ಬರುವುದಿಲ್ಲ, ಪಾಸ್‌ಬುಕ್ಕಿನಲ್ಲಿ ಅದು ಎಲ್ಲೂ ಕಾಣುವುದಿಲ್ಲ. ನಿಮ್ಮ ಕಂತು ಬಿದ್ದಾಗ ಅಷ್ಟೇ ಮೊತ್ತವನ್ನು ಸರ್ಕಾರ ಪಿಂಚಣಿ ನಿಧಿಗೆ ಹಾಕುತ್ತದೆ, ಆ ನಿಧಿಯನ್ನು ಎಲ್‌ಐಸಿ ನೋಡಿಕೊಳ್ಳುತ್ತದೆ. ನಿಮ್ಮ ಕಂತು ಬೀಳದಿದ್ದರೆ ಸರ್ಕಾರದ್ದೂ ಬೀಳುವುದಿಲ್ಲ. 60ಕ್ಕೆ ಮೊದಲೇ ಬಿಟ್ಟು ಹೊರಬಂದರೆ ನಿಮ್ಮ ದುಡ್ಡು ಬಡ್ಡಿ ಸಮೇತ ವಾಪಸ್ ಸಿಗುತ್ತದೆಯೇ ಹೊರತು ಸರ್ಕಾರ ಹಾಕಿದ್ದು ಸಿಗುವುದಿಲ್ಲ. ಆ ಪಾಲು ಬೇಕೆಂದರೆ ಕೊನೆಯವರೆಗೂ ಇರಬೇಕು.

ಇಲ್ಲೊಂದು ಗೊಂದಲ ಬಿಡಿಸಬೇಕು. ಅಟಲ್ ಪಿಂಚಣಿಯಲ್ಲೂ ಸರ್ಕಾರ ಅರ್ಧ ಕಟ್ಟುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ಅದು 2016ರ ಮಾರ್ಚ್ 31ರೊಳಗೆ ಸೇರಿದ ಅರ್ಹರಿಗೆ, ಅದೂ 5 ವರ್ಷಕ್ಕೆ ಮಾತ್ರ ಇತ್ತು. ಇವತ್ತು ಸೇರುವವರು ಪೂರ್ತಿ ತಾವೇ ಕಟ್ಟಬೇಕು. 30 ವಯಸ್ಸಿನವರಿಗೆ 3,000 ರೂಪಾಯಿ ಪಿಂಚಣಿಗೆ ಶ್ರಮಯೋಗಿಯಲ್ಲಿ 105 ರೂಪಾಯಿ ಆದರೆ ಅಟಲ್‌ನಲ್ಲಿ 347 ಆಗುತ್ತದೆ. ಹಾಗೆಂದು ಅಟಲ್ ಕೆಟ್ಟದ್ದಲ್ಲ. ಅದರಲ್ಲಿ ಗಂಡ ಹೆಂಡತಿ ಇಬ್ಬರೂ ತೀರಿಕೊಂಡ ಮೇಲೆ ಕೂಡಿದ ಗಂಟು ನಾಮಿನಿಗೆ ಸಿಗುತ್ತದೆ, ಶ್ರಮಯೋಗಿಯಲ್ಲಿ ಅದು ನಿಧಿಗೇ ಸೇರುತ್ತದೆ, ಮಕ್ಕಳಿಗೆ ಏನೂ ಇಲ್ಲ. ಆದರೂ ಕೂಲಿಯಿಂದಲೇ ಬದುಕುವವರಿಗೆ ಮೊದಲು ಶ್ರಮಯೋಗಿ ಎಂಬುದೇ ನನ್ನ ಅಭಿಪ್ರಾಯ, ಏಕೆಂದರೆ 347 ರೂಪಾಯಿಯನ್ನು ಬರಗಾಲದ ವರ್ಷದಲ್ಲೂ ತಪ್ಪದೆ ಕಟ್ಟುವುದು ಕಷ್ಟ.

ಒಂದು ಮನೆಯ ಲೆಕ್ಕ

ಪಾಂಡವಪುರ ತಾಲ್ಲೂಕಿನ ಹಿನ್ನೀರಿನ ಕಡೆಯ ಒಂದು ಮನೆ ಎಂದು ಇಟ್ಟುಕೊಳ್ಳೋಣ. ಹೆಂಡತಿಗೆ 30 ವರ್ಷ, ನಾಟಿ, ಕಳೆ, ಕೊಯ್ಲಿಗೆ ಹೋಗುತ್ತಾಳೆ. ಗಂಡನಿಗೆ 36, ಮೀನುಗಾರರ ಸಹಕಾರ ಸಂಘದ ಸದಸ್ಯ, ತೆಪ್ಪದಲ್ಲಿ ಬಲೆ ಬಿಡುತ್ತಾನೆ. ಸ್ವಂತ ಜಮೀನಿಲ್ಲ.

ಹೆಂಡತಿಯ ಕಂತು ತಿಂಗಳಿಗೆ 105, ವರ್ಷಕ್ಕೆ 1,260. 60 ತುಂಬುವವರೆಗೆ 30 ವರ್ಷ ಕಟ್ಟಿದರೆ ಅವಳ ಕೈಯಿಂದ ಹೋಗುವುದು 37,800, ಸರ್ಕಾರ ಹಾಕುವುದೂ ಅಷ್ಟೇ. ಗಂಡನ ಕಂತು 160, ವರ್ಷಕ್ಕೆ 1,920, 24 ವರ್ಷಕ್ಕೆ 46,080. ಇಬ್ಬರದೂ ಸೇರಿದರೆ ವರ್ಷಕ್ಕೆ 3,180 ರೂಪಾಯಿ. ಪಿಂಚಣಿ ಶುರುವಾದ ಮೇಲೆ ಒಬ್ಬೊಬ್ಬರಿಗೆ ವರ್ಷಕ್ಕೆ 36,000 ಬರುತ್ತದೆ. ಅಂದರೆ ಹೆಂಡತಿ 30 ವರ್ಷ ಕಟ್ಟಿದ್ದೆಲ್ಲ 13 ತಿಂಗಳಲ್ಲಿ ವಾಪಸ್ ಬಂದಂತೆ.

ಇದರ ಮಿತಿಯನ್ನೂ ಹೇಳಲೇಬೇಕು. 3,000 ಎಂಬುದು ನಿಗದಿ ಮೊತ್ತ, ಬೆಲೆ ಏರಿದಂತೆ ಅದು ಏರುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರುತ್ತಾ ಹೋದರೆ 30 ವರ್ಷದ ನಂತರದ 3,000 ರೂಪಾಯಿಗೆ ಇಂದಿನ ಸುಮಾರು 520 ರೂಪಾಯಿಯ ಸಾಮಾನು ಸಿಗುತ್ತದೆ. ಇದೊಂದನ್ನೇ ನಂಬಿ ಮುಪ್ಪು ಕಳೆಯಲು ಆಗುವುದಿಲ್ಲ. ಸರ್ಕಾರ ಅರ್ಧ ಹಾಕುವ ಗಂಟನ್ನು ಬಿಡಬಾರದು ಎಂಬಷ್ಟಕ್ಕೆ ಸೇರಬೇಕು.

ಹೆಸರು ಬರೆಸುವ ಮೊದಲು

ಮೊದಲು ಆಧಾರ್ ಕಾರ್ಡಿನ ಹುಟ್ಟಿದ ದಿನಾಂಕ ನೋಡಿ. ನಮ್ಮ ಹಳ್ಳಿಗಳಲ್ಲಿ ಅಂದಾಜಿನ ಮೇಲೆ ಜನವರಿ 1 ಎಂದು ಬರೆಸಿಕೊಂಡವರು ಬಹಳ ಮಂದಿ ಇದ್ದಾರೆ. ಕಂತು ಆ ದಿನಾಂಕದ ಮೇಲೆಯೇ ನಿಗದಿಯಾಗುತ್ತದೆ. ನಿಜವಾದ ವಯಸ್ಸು 38 ಇದ್ದು ಆಧಾರ್‌ನಲ್ಲಿ 42 ಎಂದಿದ್ದರೆ ಸೇರಿಸಿಕೊಳ್ಳುವುದೇ ಇಲ್ಲ. ಶಾಲೆಯ ದಾಖಲೆ ಇದ್ದರೆ ಮೊದಲು ಆಧಾರ್ ತಿದ್ದಿಸಿಕೊಳ್ಳಿ.

ಎರಡನೆಯದು ಪಿಎಫ್. ಮದ್ದೂರು, ಶ್ರೀರಂಗಪಟ್ಟಣದ ಕಡೆ ಬೇಸಿಗೆಯಲ್ಲಿ ಗಾರ್ಮೆಂಟ್ಸ್‌ಗೆ ಹೋಗಿ, ಮಳೆಗಾಲದಲ್ಲಿ ನಾಟಿಗೆ ಬರುವ ಹೆಣ್ಣುಮಕ್ಕಳು ಇದ್ದಾರೆ. ಗಾರ್ಮೆಂಟ್ಸ್‌ನಲ್ಲಿ ಪಿಎಫ್ ಮುರಿಯುತ್ತಿದ್ದರೆ ಆ ಹೊತ್ತಿನಲ್ಲಿ ಶ್ರಮಯೋಗಿಗೆ ಸೇರಲು ಆಗುವುದಿಲ್ಲ. ಶ್ರಮಯೋಗಿಗೆ ಸೇರಿದ ಮೇಲೆ ಪಿಎಫ್ ಇರುವ ಕೆಲಸಕ್ಕೆ ಹೋದರೆ ಸರ್ಕಾರ ತನ್ನ ಪಾಲನ್ನು ನಿಲ್ಲಿಸುತ್ತದೆ. ಆಗ ಎರಡೂ ಪಾಲನ್ನು ತಾನೇ ಕಟ್ಟಿ ಮುಂದುವರಿಸಬಹುದು, ಇಲ್ಲದಿದ್ದರೆ ಹೊರಬರಬಹುದು.

ಮೂರನೆಯದು ಜಮೀನು. ಸ್ವಂತ ಹೆಸರಿನಲ್ಲಿ 2 ಹೆಕ್ಟೇರ್ ಒಳಗಿನ ಸಾಗುವಳಿ ಜಮೀನು ಇದ್ದರೆ ಕಿಸಾನ್ ಮಾನ್‌ಧನ್ ಎಂಬ ಅಣ್ಣತಮ್ಮನಂತಹ ಇನ್ನೊಂದು ಯೋಜನೆ ಇದೆ. ಕಂತು, ಸರ್ಕಾರದ ಪಾಲು, ಪಿಂಚಣಿ ಎಲ್ಲವೂ ಹೆಚ್ಚುಕಡಿಮೆ ಹೀಗೆಯೇ. ಆದರೆ ಅದರಲ್ಲಿ ಪಿಎಂ ಕಿಸಾನ್‌ನ 2,000 ರೂಪಾಯಿಯಿಂದಲೇ ಕಂತು ಮುರಿದುಕೊಳ್ಳಿ ಎಂದು ಬರೆದುಕೊಡಬಹುದು. ಅರ್ಧ ಎಕರೆ ಇಟ್ಟುಕೊಂಡು ಉಳಿದ ದಿನ ಕೂಲಿಗೆ ಹೋಗುವವರಿಗೆ ಇದೇ ಸಲೀಸು. ಎರಡಕ್ಕೂ ಒಟ್ಟಿಗೆ ಸೇರುವಂತಿಲ್ಲ.

ಇ-ಶ್ರಮ್ ಕಾರ್ಡ್ ಇಲ್ಲದವರು ಅದನ್ನೂ ಮಾಡಿಸಿಕೊಳ್ಳಿ. 16ರಿಂದ 59 ವಯಸ್ಸಿನವರಿಗೆ, ಪುಕ್ಕಟೆ, eshram.gov.in ತಾಣದಲ್ಲಿ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ. ಆದರೆ ಅದು ವಿಮೆಯೂ ಅಲ್ಲ, ಪಿಂಚಣಿಯೂ ಅಲ್ಲ, ಹೆಸರಿನ ದಾಖಲೆ ಅಷ್ಟೆ. ಆ ಕಾರ್ಡ್ ಇದ್ದರೆ 2 ಲಕ್ಷ ಬರುತ್ತದೆ ಎಂಬ ನಂಬಿಕೆಯಲ್ಲಿ ಬೇರೆ ಯಾವುದಕ್ಕೂ ಸೇರದೆ ಉಳಿದವರು ಇದ್ದಾರೆ. ಆ ಪರಿಹಾರ 2022ರ ಮಾರ್ಚ್ 31ರೊಳಗೆ ನೋಂದಾಯಿಸಿದವರಿಗೆ ಮಾತ್ರ ಇತ್ತು.

ಸೇವಾ ಕೇಂದ್ರದಲ್ಲಿ ಏನು ಮಾಡಬೇಕು

ಆಧಾರ್, ಬ್ಯಾಂಕ್ ಪಾಸ್‌ಬುಕ್, ಮೊಬೈಲ್, ಮೊದಲ ಕಂತಿನ ದುಡ್ಡು ತೆಗೆದುಕೊಂಡು ಹತ್ತಿರದ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ. ಸೇರ್ಪಡೆಗೆ ಶುಲ್ಕವಿಲ್ಲ. ಮೊದಲ ಕಂತನ್ನು ಅಲ್ಲೇ ನಗದಾಗಿ ಕೊಡಬೇಕು, ಮುಂದಿನವು ಖಾತೆಯಿಂದ ಕಡಿತವಾಗುತ್ತವೆ. ಸ್ವತಃ ಮಾಡಿಕೊಳ್ಳಬಲ್ಲವರಿಗೆ maandhan.in ತಾಣವಿದೆ.

ಯಾವ ಖಾತೆ ಕೊಡುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಮೇಸ್ತ್ರಿ ಕೂಲಿ ಬಟವಾಡೆ ಮಾಡುವುದು ನಗದಿನಲ್ಲಿ, ಅದು ಸಂತೆಗೆ, ಅಂಗಡಿಯ ಬಾಕಿಗೆ ಹೋಗುತ್ತದೆಯೇ ಹೊರತು ಬ್ಯಾಂಕಿಗೆ ಹೋಗುವುದಿಲ್ಲ. ಮನೆಯಲ್ಲಿ ದುಡ್ಡಿದ್ದರೂ ಖಾತೆ ಖಾಲಿ. ಅದಕ್ಕೆ ಬೇರೆ ದಾರಿಯಿಂದ ದುಡ್ಡು ಬೀಳುವ ಖಾತೆಯನ್ನೇ ಕೊಡಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಅಥವಾ ಉದ್ಯೋಗ ಖಾತ್ರಿಯ ಕೂಲಿ ಬೀಳುವ ಖಾತೆ ಇದ್ದರೆ ಅದೇ ಸರಿ. ಇಲ್ಲೇ ಒಂದು ಎಡವಟ್ಟಾಗುತ್ತದೆ. ಗೃಹಲಕ್ಷ್ಮಿ ಬೀಳುವುದು ಆಧಾರ್ ಜೋಡಣೆಯಾದ ಖಾತೆಗೆ. ಮನೆಯಲ್ಲಿ ಎರಡು ಪಾಸ್‌ಬುಕ್ ಇದ್ದು, ಸಂಘದ ಸಾಲಕ್ಕೆಂದು ಮಾಡಿಸಿದ ಹಳೆಯ ಪಾಸ್‌ಬುಕ್ ತೆಗೆದುಕೊಂಡು ಹೋದರೆ ಕಂತು ಒಂದು ಖಾತೆಯಿಂದ ಕೇಳುತ್ತದೆ, ದುಡ್ಡು ಇನ್ನೊಂದರಲ್ಲಿ ಇರುತ್ತದೆ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಗೃಹಲಕ್ಷ್ಮಿಯ ಜಮೆ ಅದರಲ್ಲೇ ಕಾಣುತ್ತದೆಯೇ ಎಂದು ಕಣ್ಣಾರೆ ನೋಡಿಕೊಂಡು ಹೋಗಿ.

ಇನ್ನು ಕಂತಿನ ಅವಧಿ. ಕೇಂದ್ರದವರು ಕೇಳದೆ ತಿಂಗಳ ಕಂತನ್ನೇ ಒತ್ತಿಬಿಡುವುದು ರೂಢಿ. ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಕಟ್ಟಲೂ ಅವಕಾಶವಿದೆ, ಬಾಯಿಬಿಟ್ಟು ಕೇಳಿ. ನಮ್ಮ ಲೆಕ್ಕದ ಹೆಂಡತಿಗೆ ವರ್ಷಕ್ಕೊಮ್ಮೆ ಕಟ್ಟುವುದಾದರೆ 1,260, ಆರು ತಿಂಗಳಿಗೊಮ್ಮೆಯಾದರೆ 630. ಕೊಯ್ಲು ಮುಗಿದು ಕೂಲಿ ಕೈಗೆ ಬರುವ ಡಿಸೆಂಬರ್‌ ಜನವರಿಯಲ್ಲಿ ಸೇರಿ ವರ್ಷದ ಕಂತು ಆರಿಸಿಕೊಂಡರೆ ಬೇಸಿಗೆಯ ಖಾಲಿ ತಿಂಗಳುಗಳ ಚಿಂತೆ ಇರುವುದಿಲ್ಲ. ಬಲೆಯ ಕೆಲಸದವರು ತಮಗೆ ಮೀನು ಚೆನ್ನಾಗಿ ಬೀಳುವ ತಿಂಗಳು ನೋಡಿಕೊಂಡು ಸೇರಲಿ. ಆದರೆ ವರ್ಷದ ಕಂತಿನಲ್ಲೂ ಒಂದು ಅಪಾಯವಿದೆ. ಅದು ತಪ್ಪಿತೆಂದರೆ ಒಂದು ವರ್ಷವೇ ಬಾಕಿ ನಿಲ್ಲುತ್ತದೆ. ಖಾತೆಗೆ ಗೃಹಲಕ್ಷ್ಮಿ ಬೀಳುವ ಹೆಣ್ಣುಮಕ್ಕಳಿಗೆ ಆರು ತಿಂಗಳ ಕಂತು ಸಾಕು, ಖಾತೆಗೆ ಏನೂ ಬೀಳದ ಗಂಡಸರು ವರ್ಷದ್ದನ್ನು ಹಿಡಿದು, ಆ ತಿಂಗಳ ಮೊದಲ ವಾರವೇ ಹೋಗಿ ದುಡ್ಡು ಜಮೆ ಮಾಡುವುದು ಒಳ್ಳೆಯದು.

ಕೊನೆಗೆ ಸೇವಾ ಕೇಂದ್ರದವರು ಒಂದು ಅರ್ಜಿ ಮುದ್ರಿಸಿ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಂಡು, ಅದನ್ನು ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಖಾತೆಯಿಂದ ದುಡ್ಡು ಮುರಿದುಕೊಳ್ಳಲು ಬ್ಯಾಂಕಿಗೆ ನೀವು ಕೊಡುವ ಒಪ್ಪಿಗೆ ಅದೇ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಕೊಟ್ಟವರು ಇಲ್ಲಿ ಸಹಿ ಹಾಕಿದರೆ, ಅಥವಾ ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಬ್ಯಾಂಕ್ ಅದನ್ನು ತಿರಸ್ಕರಿಸಬಹುದು. ಕೈಗೆ ಪಿಂಚಣಿ ಖಾತೆ ಸಂಖ್ಯೆಯ ಕಾರ್ಡ್ ಬಂದಿರುತ್ತದೆ, ಮನೆಯವರು ಆಯಿತು ಎಂದುಕೊಂಡಿರುತ್ತಾರೆ, ಎರಡನೇ ಕಂತು ಮಾತ್ರ ಬೀಳುವುದೇ ಇಲ್ಲ. ಆದ್ದರಿಂದ ಎರಡನೇ ಕಂತಿನ ಕಡಿತ ಪಾಸ್‌ಬುಕ್ಕಿನಲ್ಲಿ ಕಾಣುವವರೆಗೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ವರ್ಷದ ಕಂತು ಆರಿಸಿದವರು ಒಪ್ಪಿಗೆ ಅಂಗೀಕಾರವಾಗಿದೆಯೇ ಎಂದು ಬ್ಯಾಂಕಿನಲ್ಲೇ ಒಮ್ಮೆ ವಿಚಾರಿಸಬೇಕು, ಇಲ್ಲದಿದ್ದರೆ ತಪ್ಪಿರುವುದು ಗೊತ್ತಾಗುವ ಹೊತ್ತಿಗೆ ಒಂದು ವರ್ಷ ಕಳೆದಿರುತ್ತದೆ.

ಕಂತು ತಪ್ಪಿದ್ದರೆ

ಒಂದೆರಡು ಕಂತು ತಪ್ಪಿದ ಮಾತ್ರಕ್ಕೆ ಕಟ್ಟಿದ್ದು ಮುಳುಗುವುದಿಲ್ಲ. ಬಾಕಿ ಇರುವ ಕಂತುಗಳನ್ನು ದಂಡದ ಜೊತೆ ಪೂರ್ತಿ ಕಟ್ಟಿದರೆ ಖಾತೆ ಮತ್ತೆ ನಡೆಯುತ್ತದೆ. ನಿಂತುಹೋದ ಖಾತೆಯನ್ನು ಎಬ್ಬಿಸಲು ಮೊದಲು 1 ವರ್ಷದ ಗಡುವಿತ್ತು, ಅದನ್ನು 3 ವರ್ಷಕ್ಕೆ ವಿಸ್ತರಿಸಿದ್ದಾರೆ. ಹಿಂದೆ ಸೇರಿ ಬಿಟ್ಟವರು ಕಾರ್ಡಿನಲ್ಲಿರುವ ಸಂಖ್ಯೆಯನ್ನು ಸೇವಾ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ ಎಷ್ಟು ಬಾಕಿ ಇದೆ ಎಂದು ತೆಗೆಸಿ ನೋಡಿ. ಹೆಂಡತಿ ಎಂಟು ತಿಂಗಳು ತಪ್ಪಿಸಿದ್ದರೆ ಅಸಲು ಬಾಕಿ 840, ಅದರ ಮೇಲೆ ದಂಡ. ಹೊಸದಾಗಿ ಸೇರಿದರೆ ಆಗಿರುವ ವಯಸ್ಸಿಗೆ ತಕ್ಕ ಹೆಚ್ಚಿನ ಕಂತು ಬೀಳುತ್ತದೆ, ಹಳೆಯದನ್ನು ಎಬ್ಬಿಸುವುದೇ ಅಗ್ಗ.

ಬೇಡವೇ ಬೇಡ ಎಂದು ಹೊರಬರುವುದಾದರೆ 10 ವರ್ಷದ ಗೆರೆ ನೆನಪಿರಲಿ. ಅದಕ್ಕೆ ಮೊದಲು ಬಿಟ್ಟರೆ ಕಟ್ಟಿದ್ದಕ್ಕೆ ಉಳಿತಾಯ ಖಾತೆಯ ಬಡ್ಡಿ ಮಾತ್ರ. ಅದರ ನಂತರ ಬಿಟ್ಟರೆ ನಿಧಿ ಗಳಿಸಿದ ಬಡ್ಡಿ ಅಥವಾ ಉಳಿತಾಯ ಖಾತೆಯ ಬಡ್ಡಿ, ಎರಡರಲ್ಲಿ ಯಾವುದು ಹೆಚ್ಚೋ ಅದು. 6 ವರ್ಷಕ್ಕೆ ಬಿಟ್ಟ ಹೆಂಡತಿಗೆ ಸಿಗುವುದು ಕಟ್ಟಿದ 7,560 ಮತ್ತು ಸಣ್ಣ ಬಡ್ಡಿ. ಸರ್ಕಾರ ಹಾಕಿದ್ದ ಇನ್ನೊಂದು 7,560 ಅವಳದಲ್ಲ.

ಕಟ್ಟುವವರು 60ಕ್ಕೆ ಮೊದಲೇ ತೀರಿಕೊಂಡರೆ ಗಂಡ ಅಥವಾ ಹೆಂಡತಿ ಅದೇ ಕಂತನ್ನು ಮುಂದುವರಿಸಬಹುದು, ಇಲ್ಲವೇ ಕಟ್ಟಿದ್ದನ್ನು ಬಡ್ಡಿಯೊಂದಿಗೆ ಪಡೆಯಬಹುದು. ಪಿಂಚಣಿ ಶುರುವಾದ ಮೇಲೆ ತೀರಿಕೊಂಡರೆ ಉಳಿದವರಿಗೆ ಅರ್ಧ, ಅಂದರೆ 1,500.

ಮೀನುಗಾರರ ಅಪಘಾತ ವಿಮೆ

ಇಲ್ಲಿ ಮೀನುಗಾರರು ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ. ಮತ್ಸ್ಯ ಸಂಪದ ಯೋಜನೆಯಡಿಯ ಗುಂಪು ಅಪಘಾತ ವಿಮೆಯಲ್ಲಿ ಪ್ರೀಮಿಯಂ ಪೂರ್ತಿ ಸರ್ಕಾರದ್ದು, ನಮ್ಮ ರಾಜ್ಯಕ್ಕೆ ಕೇಂದ್ರ ಶೇ 60, ರಾಜ್ಯ ಶೇ 40. 18ರಿಂದ 70 ವಯಸ್ಸಿನವರಿಗೆ ಅನ್ವಯ. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಶಾಶ್ವತ ಅಂಗವಿಕಲರಾದರೆ 5 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25,000ದವರೆಗೆ. ಸಮುದ್ರಕ್ಕೆ ಹೋಗುವವರಿಗೆ ಮಾತ್ರ ಎಂದು ನಮ್ಮ ಕಡೆ ಹಲವರು ತಿಳಿದಿದ್ದಾರೆ. ಹಾಗಿಲ್ಲ, ಕೆರೆ ಕಟ್ಟೆಯಲ್ಲಿ ಹಿಡಿಯುವವರು, ಮೀನು ಸಾಕುವವರು, ಮೀನಿನ ಕೆಲಸಕ್ಕೆ ನೇರವಾಗಿ ಹೊಂದಿಕೊಂಡವರು ಎಲ್ಲರೂ ಬರುತ್ತಾರೆ.

ಪುಕ್ಕಟೆ ಇರುವುದರಿಂದಲೇ ಇದರಲ್ಲಿ ರಸೀದಿ ಇಲ್ಲ, ಪಾಸ್‌ಬುಕ್ಕಿನಲ್ಲಿ ಗುರುತಿಲ್ಲ. ಹೆಸರು ಪಟ್ಟಿಯಲ್ಲಿದ್ದರೆ ವಿಮೆ ಇದೆ, ಇಲ್ಲದಿದ್ದರೆ ಇಲ್ಲ. ಪಟ್ಟಿ ಹೋಗುವುದು ಮೀನುಗಾರಿಕೆ ಇಲಾಖೆಯ ಮೂಲಕ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ, ಈ ಸಾಲಿನ ಪಟ್ಟಿಯಲ್ಲಿ ನನ್ನ ಹೆಸರು, ಆಧಾರ್ ಸಂಖ್ಯೆ, ನಾಮಿನಿ ಸರಿಯಾಗಿದೆಯೇ ತೋರಿಸಿ ಎಂದು ಕೇಳಿ. ವಿಮೆ 12 ತಿಂಗಳಿನದು, ಹೋದ ವರ್ಷ ಇತ್ತು ಎಂದು ಸುಮ್ಮನಿರಬೇಡಿ. ಗಂಡಸರು ಸಂಘದ ಸದಸ್ಯರಾಗಿದ್ದು, ಜೊತೆಗೆ ತೆಪ್ಪ ಹತ್ತುವ ಹೆಂಡತಿಯೋ ತಮ್ಮನೋ ಸದಸ್ಯರಲ್ಲದಿದ್ದರೆ ಅವರ ಹೆಸರು ತಪ್ಪಿಹೋಗುತ್ತದೆ. ಅವರನ್ನೂ ಸೇರಿಸಿ ಎಂದು ಕೇಳಿ.

ಇದರ ಜೊತೆಗೆ ಬ್ಯಾಂಕಿನ ಸುರಕ್ಷಾ ಬಿಮಾ ಮಾಡಿಸಿಕೊಳ್ಳಿ. ಇದರಲ್ಲಿ ಸರ್ಕಾರದ ಪಾಲಿಲ್ಲ, ಆದರೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ. ಕೂಲಿಯವರಿಗೂ ಮೀನುಗಾರರಿಗೂ ಇಬ್ಬರಿಗೂ ಸಿಗುತ್ತದೆ, ಬೇರೆ ವಿಮೆ ಇದ್ದರೂ ಇದು ಸೇರಿಯೇ ಬರುತ್ತದೆ. ಅವಧಿ ಜೂನ್ 1ರಿಂದ ಮೇ 31. ಕಡಿತವಾಗುವುದು ಮೇ ಕೊನೆಯಲ್ಲಿ, ಅಂದರೆ ಖಾತೆ ಬರಿದಾಗಿರುವ ಹೊತ್ತಿನಲ್ಲೇ. ಮೇ ತಿಂಗಳಲ್ಲಿ ಖಾತೆಯಲ್ಲಿ 20 ರೂಪಾಯಿಗಿಂತ ಸ್ವಲ್ಪ ಹೆಚ್ಚೇ ಬಿಟ್ಟಿರಿ.

ದುರಂತ ನಡೆದ ದಿನ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ಈ ದುಡ್ಡು ಬರುವುದೋ ಬಿಡುವುದೋ ನಿರ್ಧಾರವಾಗುತ್ತದೆ. ತೆಪ್ಪ ಮಗುಚಿ ಸತ್ತವರನ್ನು ಪೊಲೀಸರಿಗೆ ತಿಳಿಸದೆ, ಕುಯ್ಯಿಸುವುದು ಬೇಡ ಎಂದು ಮಣ್ಣು ಮಾಡಿಬಿಟ್ಟರೆ ಅದು ಅಪಘಾತ ಎಂದು ತೋರಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ದುಃಖದಲ್ಲಿ ಮನೆಯವರಿಗೆ ಇದು ಹೊಳೆಯುವುದಿಲ್ಲ, ನೆರೆಯವರೋ ಸಂಘದವರೋ ಮುಂದೆ ನಿಂತು ಪೊಲೀಸ್ ದೂರು ಕೊಡಿಸಿ, ಮರಣೋತ್ತರ ಪರೀಕ್ಷೆ ಮಾಡಿಸಬೇಕು. ಅದೇ ದಿನ ಮೀನುಗಾರಿಕೆ ಕಚೇರಿಗೂ ತಿಳಿಸಿ. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದರೆ, ತೆಂಗಿನ ಮರದಿಂದ ಬಿದ್ದರೆ ಸುರಕ್ಷಾ ಬಿಮಾಕ್ಕೆ ಆಸ್ಪತ್ರೆಯ ಚೀಟಿಯೇ ಆಧಾರ. ನಾಟಿ ಔಷಧಿಗೆ ಹೋಗಿ ಹೊತ್ತು ಕಳೆಯದೆ ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. ಜೀವಕ್ಕೂ ಅದೇ ದಾರಿ, ಕಾಗದಕ್ಕೂ ಅದೇ ದಾರಿ. ಚೀಟಿಯಲ್ಲಿ ಹಾವು ಕಡಿತ ಎಂದು ಸ್ಪಷ್ಟವಾಗಿ ಬರೆದಿದ್ದಾರೆಯೇ ನೋಡಿ. ಕ್ಲೇಮ್ ಅರ್ಜಿಯನ್ನು 30 ದಿನಗಳೊಳಗೆ ಬ್ಯಾಂಕಿಗೆ ಕೊಡುವುದು ಒಳ್ಳೆಯದು, ಪಾಸ್‌ಬುಕ್ಕಿನ 20 ರೂಪಾಯಿ ಕಡಿತದ ಪುಟದ ಜೆರಾಕ್ಸ್ ಅದರ ಜೊತೆಗಿರಲಿ.

40 ದಾಟಿದ ಕೂಲಿಯವರಿಗೆ, ಮೀನುಗಾರರಿಗೆ ಮೇಲಿನ ಪಿಂಚಣಿ ಸಿಗುವುದಿಲ್ಲ, ಅಪಘಾತ ವಿಮೆಗಳು ಮಾತ್ರ 70ರವರೆಗೆ ಇವೆ. ಅವರಿಗೆ 65 ತುಂಬಿದ ಮೇಲೆ ರಾಜ್ಯದ ಸಂಧ್ಯಾ ಸುರಕ್ಷಾ ಇದೆ. ಕೃಷಿ ಕೂಲಿ, ಮೀನುಗಾರ ಎಂಬ ವರ್ಗಗಳು ಅದರಲ್ಲಿ ಹೆಸರಿಸಿಯೇ ಇವೆ, ಕಂತು ಕಟ್ಟುವುದಿಲ್ಲ. ಅರ್ಜಿ ನಾಡಕಚೇರಿಯಲ್ಲಿ. ಅಲ್ಲೂ ಆಧಾರ್‌ನ ವಯಸ್ಸೇ ಲೆಕ್ಕ, ಅದನ್ನು ತಿದ್ದಿಸುವುದಿದ್ದರೆ 64ಕ್ಕೆ ಕಾಯಬೇಡಿ.